ಫಾರ್ಮ್ 16 ನೋಡಿದರೆ ಸಾಲದು: ಎಫ್‌ಡಿ ಬಡ್ಡಿ ಇರುವ ವೇತನದಾರರು ಐಟಿಆರ್ ಸಲ್ಲಿಸುವ ಮುನ್ನ ಹೀಗೆ ತಾಳೆ ನೋಡಿ

ಕಂಪನಿ ಕೊಟ್ಟ ಫಾರ್ಮ್ 16 ಕೈಯಲ್ಲಿದೆ, ಸಂಬಳದಿಂದ ತೆರಿಗೆ ಆಗಲೇ ಕಡಿತವಾಗಿದೆ, ಬ್ಯಾಂಕ್ ಕೂಡ ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ ಹಿಡಿದಿದೆ. ಇನ್ನೇನು ಬಾಕಿ ಎಂದುಕೊಂಡು ರಿಟರ್ನ್ ಸಲ್ಲಿಸುವವರು ಬಹಳ ಮಂದಿ. ಕೆಲ ತಿಂಗಳ ನಂತರ ಬಾಕಿ ತೆರಿಗೆ ಕಟ್ಟುವಂತೆ ಇಲಾಖೆಯ ಇಮೇಲ್ ಬಂದಾಗಲೇ ಬಡ್ಡಿಯ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. 2025-26ನೇ ಹಣಕಾಸು ವರ್ಷದ ರಿಟರ್ನ್‌ಗೆ ಜುಲೈ 31 ಗಡುವು. ಅದಕ್ಕೂ ಮೊದಲು ಯಾವ ದಾಖಲೆಯನ್ನು ಯಾವುದರ ಜತೆ ತಾಳೆ ನೋಡಬೇಕು ಎಂಬ ವಿವರ ಇಲ್ಲಿದೆ.

ನೋಡಬೇಕಾದ ನಾಲ್ಕು ದಾಖಲೆಗಳು

ಮೊದಲನೆಯದು ಫಾರ್ಮ್ 16. ಜೂನ್ 15ರೊಳಗೆ ಕಂಪನಿ ಇದನ್ನು ನೀಡಬೇಕು. ಇದರಲ್ಲಿ ಸಂಬಳ ಮತ್ತು ಸಂಬಳದ ಟಿಡಿಎಸ್ ಇರುತ್ತದೆ. ಉದ್ಯೋಗಿ ತಾನಾಗಿ ತಿಳಿಸಿರದಿದ್ದರೆ ಬಡ್ಡಿ ಆದಾಯ ಇದರಲ್ಲಿ ಇರುವುದಿಲ್ಲ.

ಎರಡನೆಯದು 26ಎಎಸ್. ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಎಷ್ಟು ಟಿಡಿಎಸ್ ಜಮೆಯಾಗಿದೆ ಎಂಬುದನ್ನು ಇದು ತೋರಿಸುತ್ತದೆ. ಮೂರನೆಯದು ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ. ಟಿಡಿಎಸ್ ಕಡಿತವಾಗದ ಬಡ್ಡಿಯನ್ನೂ ಬ್ಯಾಂಕ್‌ಗಳು ಇಲಾಖೆಗೆ ವರದಿ ಮಾಡುತ್ತವೆ, ಅದು ಕಾಣುವುದು ಇಲ್ಲಿ. ಇವೆರಡೂ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆದರೆ ಸಿಗುತ್ತವೆ. ಬ್ಯಾಂಕ್‌ಗಳು ವರದಿ ಸಲ್ಲಿಸಲು ಮೇ 31ರವರೆಗೆ ಸಮಯ ಇರುವುದರಿಂದ, ಏಪ್ರಿಲ್‌ನಲ್ಲಿ ನೋಡಿದ ಎಐಎಸ್ ಪೂರ್ತಿ ಇರುವುದಿಲ್ಲ. ಜೂನ್ ಮಧ್ಯದ ನಂತರ ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು.

ನಾಲ್ಕನೆಯದು ಬ್ಯಾಂಕ್ ನೀಡುವ ಬಡ್ಡಿ ಪ್ರಮಾಣಪತ್ರ. ನೆಟ್ ಬ್ಯಾಂಕಿಂಗ್‌ನಲ್ಲೇ ಇದನ್ನು ಡೌನ್‌ಲೋಡ್ ಮಾಡಬಹುದು. ಖಾತೆ ಇರುವ ಪ್ರತಿ ಬ್ಯಾಂಕ್‌ನಿಂದಲೂ ಒಂದೊಂದು ಬೇಕು.

ಒಂದು ಉದಾಹರಣೆ

ಪುಣೆಯಲ್ಲಿ ಕೆಲಸ ಮಾಡುವ, ಹುಬ್ಬಳ್ಳಿ ಮೂಲದ ಉದ್ಯೋಗಿಯೊಬ್ಬರ ವಾರ್ಷಿಕ ಸಂಬಳ 15 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000 ರೂ. ಉಳಿಯುತ್ತದೆ. ಸೆಸ್ ಸೇರಿ 97,500 ರೂ. ತೆರಿಗೆಯನ್ನು ಕಂಪನಿ ಕಡಿತ ಮಾಡಿದೆ.

ಪುಣೆಯ ಬ್ಯಾಂಕ್‌ನಲ್ಲಿರುವ ಎಫ್‌ಡಿಗೆ ವರ್ಷಕ್ಕೆ 64,000 ರೂ. ಬಡ್ಡಿ ಬಂದಿದೆ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕ್‌ನಲ್ಲಿ ಎಫ್‌ಡಿ ಬಡ್ಡಿ ವರ್ಷಕ್ಕೆ 50,000 ರೂ. ದಾಟಿದರೆ ಶೇ 10ರಷ್ಟು ಟಿಡಿಎಸ್ ಕಡಿತವಾಗುತ್ತದೆ. ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ ರೂ. ಹಾಗಾಗಿ ಇಲ್ಲಿ 6,400 ರೂ. ಕಡಿತವಾಗಿದೆ. ಊರಿನ ಇನ್ನೊಂದು ಬ್ಯಾಂಕ್‌ನ ಎಫ್‌ಡಿಗೆ 22,000 ರೂ. ಬಡ್ಡಿ ಬಂದಿದ್ದು, ಮಿತಿಯೊಳಗಿರುವ ಕಾರಣ ಟಿಡಿಎಸ್ ಇಲ್ಲ. ಎರಡೂ ಉಳಿತಾಯ ಖಾತೆಗಳಿಂದ 9,000 ರೂ. ಬಂದಿದೆ. ಒಟ್ಟು ಬಡ್ಡಿ 95,000 ರೂ.

ವ್ಯತ್ಯಾಸ ಬರುವುದು ಎಲ್ಲಿ?

ಮೊದಲ ತಪ್ಪು ಪಾಸ್‌ಬುಕ್ ನೋಡಿ ಲೆಕ್ಕ ಹಾಕುವುದು. ಟಿಡಿಎಸ್ ಹಿಡಿದ ನಂತರ ಪಾಸ್‌ಬುಕ್‌ನಲ್ಲಿ ಕಾಣುವುದು 57,600 ರೂ. ಮಾತ್ರ. ರಿಟರ್ನ್‌ನಲ್ಲಿ ತೋರಿಸಬೇಕಾದದ್ದು ಪೂರ್ತಿ 64,000 ರೂ. ಕಡಿತವಾದ 6,400 ರೂ. ತೆರಿಗೆಯ ಲೆಕ್ಕಕ್ಕೆ ಬೇರೆಯಾಗಿ ಜಮೆಯಾಗುತ್ತದೆ. ಅವಧಿ ಮುಗಿದ ಮೇಲೆ ಬಡ್ಡಿ ಕೈಸೇರುವ ಎಫ್‌ಡಿಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಹಣ ಖಾತೆಗೆ ಬಾರದಿದ್ದರೂ ಆ ವರ್ಷ ಸೇರಿದ ಬಡ್ಡಿಯನ್ನು ಬ್ಯಾಂಕ್ ಪ್ರತಿ ವರ್ಷ ವರದಿ ಮಾಡುತ್ತದೆ.

ಎರಡನೆಯದು ಒಂದೇ ಬಡ್ಡಿ ಎರಡು ಬಾರಿ ಕಾಣುವುದು. ಎಐಎಸ್‌ನಲ್ಲಿ 64,000 ರೂ. ಒಮ್ಮೆ TDS-194A ಎಂಬ ಕೋಡ್‌ನಡಿ, ಮತ್ತೊಮ್ಮೆ SFT-016(TD) ಎಂಬ ಕೋಡ್‌ನಡಿ ಇರಬಹುದು. ಎರಡನ್ನೂ ಕೂಡಿಸಿದರೆ ಬಾರದ ಬಡ್ಡಿಗೂ ತೆರಿಗೆ ಕಟ್ಟಿದಂತಾಗುತ್ತದೆ. ಎಐಎಸ್ ಜತೆಗೇ ಸಿಗುವ ಟಿಐಎಸ್ ಎಂಬ ಸಾರಾಂಶದಲ್ಲಿ ಸಾಮಾನ್ಯವಾಗಿ ಇಂಥ ಪುನರಾವರ್ತನೆ ತೆಗೆದಿರುತ್ತದೆ. ತೆಗೆದಿರದಿದ್ದರೆ, ಬಡ್ಡಿ ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಂಡು, ಎಐಎಸ್‌ನ ಆ ಸಾಲಿನಲ್ಲಿರುವ ಫೀಡ್‌ಬ್ಯಾಕ್‌ನಲ್ಲಿ "Information is duplicate / included in other information" ಆಯ್ಕೆ ಮಾಡಬೇಕು. ಮೊತ್ತವೇ ತಪ್ಪಾಗಿದ್ದರೆ "Information is not fully correct" ಎಂಬ ಆಯ್ಕೆ ಇದೆ.

ಮೂರನೆಯದು ಟಿಡಿಎಸ್ ಇಲ್ಲದ ಬಡ್ಡಿಯನ್ನು ಬಿಟ್ಟುಬಿಡುವುದು. ಟಿಡಿಎಸ್ ಮಿತಿ ಎಂಬುದು ಬ್ಯಾಂಕ್ ಕಡಿತ ಮಾಡಬೇಕೇ ಬೇಡವೇ ಎಂಬುದಕ್ಕೆ ಮಾತ್ರ. ತೆರಿಗೆ ವಿನಾಯಿತಿ ಎಂದು ಅದರ ಅರ್ಥವಲ್ಲ. ಊರಿನ ಬ್ಯಾಂಕ್‌ನ 22,000 ರೂ. ಕೂಡ ತೆರಿಗೆಗೆ ಒಳಪಡುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ 10,000 ರೂ.ವರೆಗೆ ಸಿಗುವ 80ಟಿಟಿಎ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ ಇದೆ. ಹೊಸ ಪದ್ಧತಿಯಲ್ಲಿರುವ ಈ ಉದ್ಯೋಗಿಗೆ 9,000 ರೂ.ಗೂ ತೆರಿಗೆ ಬೀಳುತ್ತದೆ. ಎಐಎಸ್‌ನಲ್ಲಿ ಕಾಣಿಸದ ಬಡ್ಡಿಯನ್ನೂ ತೋರಿಸುವುದು ತೆರಿಗೆದಾರರದೇ ಹೊಣೆ.

ಬಾಕಿ ಎಷ್ಟು?

ಸಂಬಳ ಮತ್ತು ಬಡ್ಡಿ ಸೇರಿ ತೆರಿಗೆಗೆ ಒಳಪಡುವ ಆದಾಯ 15,20,000 ರೂ. ಇದಕ್ಕೆ ತೆರಿಗೆ 1,08,000 ರೂ., ಶೇ 4 ಸೆಸ್ 4,320 ರೂ., ಒಟ್ಟು 1,12,320 ರೂ. ಕಂಪನಿ ಮತ್ತು ಬ್ಯಾಂಕ್ ಸೇರಿ ಕಡಿತ ಮಾಡಿರುವುದು 1,03,900 ರೂ. ಉಳಿದ 8,420 ರೂ.ಗಳನ್ನು ಉದ್ಯೋಗಿಯೇ ಕಟ್ಟಬೇಕು.

ಬ್ಯಾಂಕ್ ಟಿಡಿಎಸ್ ಹಿಡಿದ ಮೇಲೂ ಬಾಕಿ ಏಕೆ? ಬ್ಯಾಂಕ್ ಹಿಡಿಯುವುದು ಶೇ 10 ಮಾತ್ರ. ಈ ಉದ್ಯೋಗಿಯ ಬಡ್ಡಿಗೆ ಅನ್ವಯವಾಗುವುದು ಶೇ 15ರ ಸ್ಲ್ಯಾಬ್, ಅದರ ಮೇಲೆ ಸೆಸ್. ಜತೆಗೆ 31,000 ರೂ. ಬಡ್ಡಿಗೆ ಕಡಿತವೇ ಆಗಿಲ್ಲ.

ಬಾಕಿಯನ್ನು ಪೋರ್ಟಲ್‌ನ "e-Pay Tax" ವಿಭಾಗದಲ್ಲಿ ಸ್ವಯಂ ನಿರ್ಧರಣೆ ತೆರಿಗೆಯಾಗಿ ಕಟ್ಟಿ, ಚಲನ್ ವಿವರ ರಿಟರ್ನ್‌ನಲ್ಲಿ ಬಂದಿದೆಯೇ ನೋಡಿಕೊಳ್ಳಬೇಕು. ಟಿಡಿಎಸ್ ಕಳೆದ ನಂತರದ ಬಾಕಿ 10,000 ರೂ. ಅಥವಾ ಹೆಚ್ಚಿದ್ದರೆ ವರ್ಷದ ಮಧ್ಯೆಯೇ ಮುಂಗಡ ತೆರಿಗೆ ಕಟ್ಟಬೇಕಿತ್ತು ಎಂದು ಬಡ್ಡಿಯೂ ಬೀಳುತ್ತದೆ. ಈ ಉದ್ಯೋಗಿ ಆ ಮಿತಿಯೊಳಗಿದ್ದಾರೆ.

ಟಿಡಿಎಸ್ 26ಎಎಸ್‌ನಲ್ಲಿ ಇಲ್ಲದಿದ್ದರೆ?

ಬ್ಯಾಂಕ್ 6,400 ರೂ. ಹಿಡಿದಿದೆ, ಆದರೆ 26ಎಎಸ್‌ನಲ್ಲಿ ಆ ಮೊತ್ತ ಇಲ್ಲ ಅಥವಾ ಕಡಿಮೆ ಇದೆ ಎಂದಾದರೆ ಎಐಎಸ್ ಫೀಡ್‌ಬ್ಯಾಕ್ ಸಾಕಾಗುವುದಿಲ್ಲ. ಬ್ಯಾಂಕ್ ಶಾಖೆಗೆ ಲಿಖಿತವಾಗಿ ತಿಳಿಸಿ, ಖಾತೆಗೆ ಸರಿಯಾದ ಪ್ಯಾನ್ ಜೋಡಣೆಯಾಗಿದೆಯೇ ನೋಡಿ, ಬ್ಯಾಂಕ್ ತನ್ನ ಟಿಡಿಎಸ್ ರಿಟರ್ನ್ ತಿದ್ದುವಂತೆ ಮಾಡಬೇಕು. ಅದಕ್ಕೂ ಮೊದಲೇ ಆ ಮೊತ್ತ ಕೇಳಿ ರಿಟರ್ನ್ ಸಲ್ಲಿಸಿದರೆ, 143(1) ಸೆಕ್ಷನ್‌ನ ಮಾಹಿತಿ ಪತ್ರದಲ್ಲಿ ಅಷ್ಟು ಹಣ ಬಾಕಿ ಎಂದು ಬರುವ ಸಾಧ್ಯತೆ ಹೆಚ್ಚು.

ಸಲ್ಲಿಸುವಾಗ ಗಮನಿಸಿ

ಐಟಿಆರ್-1ರಲ್ಲಿ ಉಳಿತಾಯ ಖಾತೆಯ ಬಡ್ಡಿ ಮತ್ತು ಠೇವಣಿಯ ಬಡ್ಡಿಗೆ ಬೇರೆ ಬೇರೆ ಸಾಲುಗಳಿವೆ. ಮೊದಲೇ ತುಂಬಿ ಬಂದ ಅಂಕಿಗಳನ್ನು ಹಾಗೆಯೇ ಒಪ್ಪದೆ, ಈ ಉದಾಹರಣೆಯಲ್ಲಿ 9,000 ಮತ್ತು 86,000 ರೂ. ಇದೆಯೇ ಎಂದು ನೋಡಬೇಕು. ಹಿಂದಿನ ವರ್ಷದ ರೀಫಂಡ್ ಜತೆ ಇಲಾಖೆ ಬಡ್ಡಿ ಕೊಟ್ಟಿದ್ದರೆ ಅದಕ್ಕೂ ತೆರಿಗೆ ಇದೆ. ಸಲ್ಲಿಸಿದ 30 ದಿನಗಳೊಳಗೆ ವೆರಿಫೈ ಮಾಡದಿದ್ದರೆ ರಿಟರ್ನ್ ಸಲ್ಲಿಕೆ ಪೂರ್ಣವಾಗುವುದಿಲ್ಲ.

ಪ್ರತಿ ವರ್ಷ ಕೊನೆಯಲ್ಲಿ ಒಟ್ಟಿಗೆ ಬಾಕಿ ಕಟ್ಟುವುದು ಕಷ್ಟ ಎನ್ನುವವರು ಬಡ್ಡಿ ಆದಾಯದ ಅಂದಾಜನ್ನು ಕಂಪನಿಯ ಪೇರೋಲ್ ವಿಭಾಗಕ್ಕೆ ಮೊದಲೇ ತಿಳಿಸಬಹುದು. ಆಗ ಅದರ ತೆರಿಗೆಯೂ ತಿಂಗಳ ಸಂಬಳದಲ್ಲೇ ಕಡಿತವಾಗುತ್ತದೆ.