ಚಮಚದಿಂದ ಜಾರದ ಗಂಜಿ

ಕೊಯಮತ್ತೂರು, ತಿರುಪ್ಪೂರುಗಳ ನಡುವಿನ ಸೋಮನೂರು ಮಗ್ಗದ ಊರು. ಇಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರ ಕುಟುಂಬಗಳಿವೆ. ಅಂಥ ಒಂದು ಮನೆಯಲ್ಲಿ ಆರು ತಿಂಗಳು ತುಂಬಿದ, ಏಳು ಕಿಲೋ ತೂಗುವ ಮಗುವೊಂದಿದೆ ಎಂದಿಟ್ಟುಕೊಳ್ಳೋಣ. ಇಷ್ಟು ದಿನ ತಾಯಿಯ ಹಾಲಷ್ಟೇ ಕುಡಿದ ಮಗು. ಇವತ್ತು ಮೊದಲ ಸಲ ರಾಗಿ ಗಂಜಿ. ಅಜ್ಜಿ ಒಂದು ಲೋಟ ನೀರಿಗೆ ಒಂದು ಊಟದ ಚಮಚ ರಾಗಿ ಹಿಟ್ಟು ಕದಡಿ, ಗಂಟಾಗದಂತೆ ಕೈಯಾಡಿಸಿ ಕಾಯಿಸುತ್ತಾರೆ. ಮಗುವಿಗೆ ನುಂಗಲು ಸುಲಭವಾಗಲಿ ಎಂದು ಆಮೇಲೆ ಇನ್ನಷ್ಟು ಬಿಸಿನೀರು ಬೆರೆಸುತ್ತಾರೆ.

ಆ ಲೋಟದಲ್ಲಿರುವ ರಾಗಿ ಸುಮಾರು ಹತ್ತು ಗ್ರಾಂ, ಅಂದರೆ ಹೆಚ್ಚೆಂದರೆ 32 ಕ್ಯಾಲೊರಿ. ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಕಿಲೋಗೆ ಸುಮಾರು 30 ಮಿಲಿಲೀಟರಿನ ಲೆಕ್ಕದಲ್ಲಿ 210 ಮಿಲಿಲೀಟರ್. ಲೋಟದ ಗಂಜಿ ಅಷ್ಟೂ ಒಳಗೆ ಹೋದರೆ ಹೊಟ್ಟೆ ತುಂಬುತ್ತದೆ, ಮಗು ಮಲಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಅಷ್ಟೇ ಪ್ರಮಾಣದ ತಾಯಿಯ ಹಾಲಿನಲ್ಲಿ ಸುಮಾರು 140 ಕ್ಯಾಲೊರಿ ಇರುತ್ತಿತ್ತು. ಹಾಲಿನ ಜೊತೆಗೆ ಹೆಚ್ಚಿನ ಬಲ ಕೊಡಬೇಕಿದ್ದ ಗಂಜಿ ಹಾಲಿನ ಜಾಗವನ್ನೇ ಕಿತ್ತುಕೊಂಡಿದೆ. ಕಳೆದ ಐವತ್ತು ವರ್ಷಗಳ ಶಿಶು ಆಹಾರ ವಿಜ್ಞಾನದಲ್ಲಿ ನನಗೆ ಅತಿ ಮುಖ್ಯವೆನಿಸುವ ಕೆಲಸ ಹುಟ್ಟಿದ್ದು ಈ ತೆಳು ಗಂಜಿಯ ತೊಡಕಿನಿಂದಲೇ. ಅದರ ದೊಡ್ಡ ಪಾಲು ಮೈಸೂರಿನಲ್ಲಿ ನಡೆಯಿತು ಎಂಬುದನ್ನು ಕನ್ನಡಿಗರು ತಿಳಿದಿರಬೇಕು.

ಮೊದಲು ಚರ್ಚೆಯಾದದ್ದು ಎಷ್ಟು ತಿಂಗಳಿಗೆ ಊಟ ಶುರು ಮಾಡಬೇಕು ಎಂಬುದು. ನಮ್ಮ ಹಳೆಯ ವೈದ್ಯ ಗ್ರಂಥಗಳು ಇದನ್ನು ಯೋಚಿಸಿದ್ದವು. ಸುಶ್ರುತ ಸಂಹಿತೆ ಆರನೆಯ ತಿಂಗಳಿಗೆ ಹಗುರ ಅನ್ನ ಹೇಳಿದರೆ, ಕಾಶ್ಯಪ ಸಂಹಿತೆ ಆರಕ್ಕೆ ಹಣ್ಣು, ಅನ್ನ ಅದಕ್ಕೂ ತಡವಾಗಿ ಎನ್ನುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಡಬ್ಬಿ ಆಹಾರದ ಕಾಲ ಬಂದಾಗ ಪಶ್ಚಿಮದ ದೇಶಗಳಲ್ಲಿ ಈ ವಯಸ್ಸು ಇಳಿಯುತ್ತಾ ಬಂದು, ಎರಡು ಮೂರು ತಿಂಗಳ ಕೂಸಿಗೂ ಚಮಚ ಹಿಡಿಯುವ ರೂಢಿ ಬೆಳೆಯಿತು. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ನಡೆಸಿದ ಸಭೆ ನಾಲ್ಕರಿಂದ ಆರು ತಿಂಗಳು ಎಂದಿತು. 2001ರಲ್ಲಿ ವಿಶ್ವ ಆರೋಗ್ಯ ಸಭೆ ಪೂರ್ತಿ ಆರು ತಿಂಗಳು ಎದೆಹಾಲು ಮಾತ್ರ ಎಂದು ಗಟ್ಟಿ ಮಾಡಿತು. ಭಾರತದಲ್ಲಿ 1992ರ ಕಾನೂನು ಹಾಲಿನ ಪುಡಿ, ಬಾಟಲಿ ಮತ್ತು ಶಿಶು ಆಹಾರದ ಪ್ರಚಾರಕ್ಕೆ ಕಡಿವಾಣ ಹಾಕಿತು. 2003ರ ತಿದ್ದುಪಡಿ ಅದನ್ನು ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೆ ವಿಸ್ತರಿಸಿತು.

ಆರು ತಿಂಗಳಿಗೇ ಯಾಕೆ ಎಂದರೆ, ಆ ಹೊತ್ತಿಗೆ ಮಗು ಆಸರೆ ಕೊಟ್ಟರೆ ಕೂರುತ್ತದೆ, ಕುತ್ತಿಗೆ ನಿಲ್ಲುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ನೂಕುವ ಹುಟ್ಟುಗುಣ ಕಡಿಮೆಯಾಗುತ್ತದೆ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶದ ದಾಸ್ತಾನೂ ಆಗಲೇ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹಾಗಾಗಿ ತಡಮಾಡುವುದೂ ತಪ್ಪೇ.

ವಯಸ್ಸಿನ ವಿಚಾರ ಹೀಗೆ ಇತ್ಯರ್ಥವಾಗುವ ಮೊದಲೇ ಗಂಜಿಯ ಹದದ ಪ್ರಶ್ನೆ ಎದ್ದಿತ್ತು. ರಾಗಿ, ಅಕ್ಕಿ, ಸಜ್ಜೆ ಯಾವುದೇ ಇರಲಿ, ಹಿಟ್ಟನ್ನು ನೀರಿನಲ್ಲಿ ಕಾಯಿಸಿದಾಗ ಅದರ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಸ್ವಲ್ಪ ಹಿಟ್ಟಿಗೇ ಪಾತ್ರೆ ಮುದ್ದೆಯಾಗುತ್ತದೆ. ಗಟ್ಟಿಯಾಯಿತೆಂದು ನೀರು ಹಾಕಿದರೆ ಬಲ ಹೋಗುತ್ತದೆ, ಹಾಕದಿದ್ದರೆ ಮಗು ನುಂಗುವುದಿಲ್ಲ. ಇದಕ್ಕೆ ಉತ್ತರ ಧಾನ್ಯದೊಳಗೇ ಇತ್ತು. ಕಾಳು ಮೊಳಕೆಯೊಡೆಯುವಾಗ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಅದರಲ್ಲಿ ಹುಟ್ಟುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳಿನ ಹಿಟ್ಟಿನಿಂದ, ಬಿಸಿಯಲ್ಲೂ ಗಟ್ಟಿ ಅಂಟಾಗದ ಶಿಶು ಆಹಾರವನ್ನು ರೂಪಿಸಿದ್ದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಬರೋಡಾದಲ್ಲಿ ತಾರಾ ಗೋಪಾಲ್‌ದಾಸ್ ಇನ್ನೂ ಸರಳವಾದ ದಾರಿ ತೋರಿದರು. ಗಂಜಿಯೆಲ್ಲವೂ ಮೊಳಕೆ ಹಿಟ್ಟಿನದೇ ಆಗಬೇಕಿಲ್ಲ, ಸಾಮಾನ್ಯ ಹಿಟ್ಟಿನ ದಪ್ಪ ಗಂಜಿಗೆ ಒಂದು ಚಿಟಿಕೆಯಷ್ಟು ಮೊಳಕೆ ಹಿಟ್ಟು ಬೆರೆಸಿದರೂ ಸಾಕು ಎಂದು.

ಇದನ್ನು ಯಾವ ಅಡುಗೆಮನೆಯಲ್ಲಾದರೂ ಕಣ್ಣಾರೆ ನೋಡಬಹುದು. ರಾಗಿಯನ್ನು ಆರಿಸಿ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಬಿಡಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಬಿಳಿ ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆ ಬೇರುಗಳನ್ನು ಉದುರಿಸಿ ಕೇರಬೇಕು. ಆಮೇಲೆ ಘಮ್ಮೆನ್ನುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಪರಿಮಳವಷ್ಟೇ ಉಳಿಯುತ್ತದೆ. ಈಗ ಸಾಮಾನ್ಯ ರಾಗಿ ಹಿಟ್ಟನ್ನು ಇಪ್ಪತ್ತೈದು ಗ್ರಾಂ ತೆಗೆದುಕೊಂಡು ಒಂದು ಲೋಟ ನೀರಿನಲ್ಲಿ ಬೇಯಿಸಿ. ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿ, ಹಬೆಯ ಬಿರುಸು ತಗ್ಗಿದ ಮೇಲೆ, ಇನ್ನೂ ಸಾಕಷ್ಟು ಬಿಸಿಯಿರುವಾಗಲೇ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಹಾಕಿ ಕೈಯಾಡಿಸಿದರೆ, ಕೆಲವೇ ನಿಮಿಷಗಳಲ್ಲಿ ಆ ಮುದ್ದೆ ಸಡಿಲಾಗಿ ನುಣ್ಣಗಾಗುತ್ತದೆ. ನೀರು ಒಂದು ಹನಿಯೂ ಸೇರಿಲ್ಲ, 80 ಕ್ಯಾಲೊರಿಯೂ ಅಲ್ಲೇ ಇದೆ. ಒಂದು ಟೀ ಚಮಚ ತುಪ್ಪ ಬೆರೆತರೆ 120 ದಾಟುತ್ತದೆ. ಸಡಿಲಾಗದಿದ್ದರೆ ಹಿಟ್ಟು ಹೆಚ್ಚು ಹುರಿದಿದೆ, ಇಲ್ಲವೇ ಗಂಜಿ ಕುದಿಯುತ್ತಿರುವಾಗಲೇ ಹಾಕಿದ್ದೀರಿ ಎಂದರ್ಥ.

ಒಂದು ಎಚ್ಚರಿಕೆ ಕಟ್ಟುನಿಟ್ಟು. ಮೊಳಕೆ ಕಟ್ಟಿದ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಆದ್ದರಿಂದ ಸಡಿಲಾದ ಗಂಜಿಯನ್ನು ಮತ್ತೊಮ್ಮೆ ಕುದಿಸಿ, ಆರಿಸಿಯೇ ಕೊಡಬೇಕು. ಹುಳಿ ನಾತ, ಬೂಸ್ಟು, ಕಪ್ಪು ಚುಕ್ಕೆ ಕಂಡರೆ ಕಾಳನ್ನು ಪೂರ್ತಿ ಎಸೆಯಬೇಕು. ಇನ್ನೊಂದು ಮಾತು ಸೋಮನೂರಿರುವ ಕೊಂಗು ನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ, ಏಕೆಂದರೆ ಇಲ್ಲಿ ಬಿಳಿಜೋಳವನ್ನೂ ಬೆಳೆದು ತಿನ್ನುತ್ತಾರೆ. ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ವಸ್ತು ಹುಟ್ಟುತ್ತದೆ. ಮಗುವಿನ ಹಿಟ್ಟಿಗೆ ಮೊಳಕೆ ಬರಿಸಲು ಜೋಳ ಬೇಡ, ರಾಗಿಯೇ ಸರಿ.

ತಮಿಳುನಾಡು ಈ ಅರಿವನ್ನು ಸರ್ಕಾರಿ ಯೋಜನೆಯೊಳಗೂ ತಂದಿತು. 1980ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಸಮಗ್ರ ಪೌಷ್ಟಿಕ ಯೋಜನೆ ಮಕ್ಕಳನ್ನು ತಿಂಗಳು ತಿಂಗಳು ತೂಗಿ, ತೂಕ ಏರದ ಆರರಿಂದ ಮೂವತ್ತಾರು ತಿಂಗಳ ಮಕ್ಕಳನ್ನು ಗುರುತಿಸಿ ಪೂರಕ ಆಹಾರ ಕೊಟ್ಟಿತು. ಇಂದು ಅಂಗನವಾಡಿಯಲ್ಲಿ ಸಿಗುವ ಸತ್ತು ಮಾವು ಎಂಬ ಪೌಷ್ಟಿಕ ಹಿಟ್ಟಿನಲ್ಲೂ ಮೊಳಕೆ ರಾಗಿ ಹಿಟ್ಟು ಬೆರೆತಿರುತ್ತದೆ. ಆದರೆ ಅದರಲ್ಲಿ ಬೆಲ್ಲವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ತುಂಬಿದ ತಿನಿಸು ಬೇಡ ಎನ್ನುತ್ತದೆ. ದಿನದ ಒಂದು ಹೊತ್ತಿಗೆ ಸತ್ತು ಮಾವು ಇರಲಿ, ಉಳಿದ ಹೊತ್ತುಗಳು ಸಿಹಿಯಿಲ್ಲದ ಮನೆಯೂಟವಾಗಲಿ ಎಂಬುದು ನನ್ನ ನಿಲುವು.

ಹದದ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ. ನುಣ್ಣಗಿದ್ದದ್ದು ಎಷ್ಟು ಕಾಲ ನುಣ್ಣಗಿರಬೇಕು? 1964ರಲ್ಲಿ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ ಎಂಬ ವೈದ್ಯರು, ಅಗಿಯುವುದನ್ನು ಕಲಿಯಲು ಮಗುವಿಗೊಂದು ಹೊತ್ತಿದೆ, ಅದು ಮೀರಿದರೆ ಕಷ್ಟ ಎಂದು ಬರೆದಿದ್ದರು. 2001ರಲ್ಲಿ ಬ್ರಿಸ್ಟಲ್ ಪ್ರದೇಶದ ಮಕ್ಕಳ ದೊಡ್ಡ ಅಧ್ಯಯನ ಅದಕ್ಕೆ ಬಲ ಕೊಟ್ಟಿತು. ಹತ್ತು ತಿಂಗಳ ನಂತರವಷ್ಟೇ ಗಂಟು ಗಂಟಾದ ಆಹಾರ ಕಂಡ ಮಕ್ಕಳಿಗೆ ಊಟದ ತಕರಾರು ಹೆಚ್ಚಿತ್ತು. ಏಳು ವರ್ಷವಾದಾಗಲೂ ಆ ಮಕ್ಕಳು ತರಕಾರಿ, ಹಣ್ಣು ತಿನ್ನುವುದು ಕಡಿಮೆಯೇ ಎಂದು 2009ರ ವರದಿ ಹೇಳಿತು.

ಈ ಕಾರಣಕ್ಕೆ ಮಗುವಿನ ಊಟವನ್ನು ಮಿಕ್ಸಿಗೆ ಹಾಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮಿಕ್ಸಿಯಲ್ಲಿ ತಿರುವಿದ ಅನ್ನ, ಬೇಳೆ, ಕ್ಯಾರೆಟ್ ಒಂದೇ ಬಣ್ಣದ, ಒಂದೇ ರುಚಿಯ ಲೇಪವಾಗುತ್ತದೆ. ಸುಲಭವಾಗಿ ಸುರಿಯಲೆಂದು ಅದಕ್ಕೂ ನೀರು ಬೀಳುತ್ತದೆ. ನಮ್ಮ ಮಗುವಿಗೆ ಮೊದಲ ವಾರಗಳಲ್ಲಿ ಬೆಂದ ಅನ್ನ, ತೊಗರಿಬೇಳೆಯನ್ನು ಬೆರಳಿನಿಂದ ಹಿಸುಕಿ, ಒಂದು ತೊಟ್ಟು ತುಪ್ಪ ಹಾಕಿ ಕೊಡಬೇಕು, ಉಪ್ಪು ಬೇಡ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಬೇಕು. ಎರಡು ಮೂರು ಚಮಚದಿಂದ ಶುರು, ದಿನಕ್ಕೆ ಎರಡು ಮೂರು ಹೊತ್ತು. ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ಜೊತೆಗೆ ಕೈಗೆ ಇಡ್ಲಿಯ ಮೃದು ತುಂಡು ಅಥವಾ ಬೇಯಿಸಿದ ಸಿಹಿಗುಂಬಳದ ಉದ್ದನೆಯ ಹೋಳು. ಒಂಬತ್ತು ಹತ್ತಕ್ಕೆ ಕಣ್ಣಿಗೆ ಕಾಣುವ ಅಗುಳು, ವರ್ಷಕ್ಕೆ ಮನೆಯವರ ಊಟದಿಂದಲೇ ಖಾರ ತೆಗೆದ ಪಾಲು. ಓಕರಿಸಿ, ಕೆಮ್ಮಿ, ಮುಖ ಕೆಂಪಾದರೆ ಮಗು ಕಲಿಯುತ್ತಿದೆ, ಗಾಬರಿ ಬೇಡ. ಸದ್ದೇ ಇಲ್ಲದೆ, ಕೆಮ್ಮಲಾಗದೆ, ತುಟಿ ನೀಲಿಯಾದರೆ ಗಂಟಲು ಕಟ್ಟಿದೆ. ಆಗ ಮಗುವನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಭುಜಗಳ ನಡುವೆ ಬೆನ್ನಿಗೆ ತಟ್ಟುತ್ತಾ ನೆರವು ಕೂಗಬೇಕು. ಇಡೀ ಕಡಲೆಕಾಯಿ ಬೀಜ, ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಮುರುಕು ಕೊಡಬಾರದು ಎನ್ನುವುದು ಇದಕ್ಕೇ.

ಕೊನೆಗೆ ರುಚಿಗಳ ಸರದಿ. ಈ ವಿಷಯದಲ್ಲಿ ವಿಜ್ಞಾನ ಪೂರ್ತಿ ಹೊರಳಿದೆ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿಯ ಸಂಭವವಿರುವ ಮಕ್ಕಳಿಗೆ ಮೊಟ್ಟೆ ಎರಡು ವರ್ಷದವರೆಗೆ, ಕಡಲೆಕಾಯಿ ಮೂರು ವರ್ಷದವರೆಗೆ ಬೇಡ ಎಂದಿತ್ತು. 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಒಂದು ಅಧ್ಯಯನದಲ್ಲಿ, ಎಳವೆಯಿಂದಲೇ ಕಡಲೆಕಾಯಿ ತಿನ್ನುವ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಆ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. 2015ರಲ್ಲಿ ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳವು. ಕಡಲೆಕಾಯಿಯಿಂದ ದೂರವಿಟ್ಟವರಲ್ಲಿ ಐದನೆಯ ವರ್ಷಕ್ಕೆ ಶೇ. 17.2 ಮಂದಿಗೆ ಅಲರ್ಜಿ, ಮೊದಲಿನಿಂದ ತಿಂದವರಲ್ಲಿ ಶೇ. 3.2.

ಹೀಗಾಗಿ ಈಗಿನ ಸರದಿಗೆ ಎರಡೇ ಆಧಾರ. ಹೊಸದನ್ನು ಒಂದೊಂದಾಗಿ, ಎರಡು ಮೂರು ದಿನ ಬಿಟ್ಟು, ಬೆಳಿಗ್ಗೆಯೇ ಕೊಡುವುದು, ಏನಾದರೂ ಆದರೆ ಹಗಲಿನಲ್ಲೇ ತಿಳಿಯಲಿ ಎಂದು. ಮತ್ತು ಕಬ್ಬಿಣ ಬೇಗ ಸಿಗುವಂತೆ ನೋಡುವುದು. ನಮ್ಮ ಮಗುವಿಗೆ ರಾಗಿ, ಅನ್ನ, ಬೇಳೆ ಒಗ್ಗಿದ ಮೇಲೆ ಸಿಹಿಗುಂಬಳ, ನುಗ್ಗೆಸೊಪ್ಪು, ಬಾಳೆಹಣ್ಣು ಬರಲಿ. ಸೊಪ್ಪು ಬೇಳೆಗೆ ಎರಡು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು, ಬಿಳಿ ಹಳದಿ ಎರಡನ್ನೂ ಹಿಸುಕಿ, ಮೊದಲ ದಿನ ಕಾಲು ಚಮಚ. ಹುರಿದ ಕಡಲೆಕಾಯಿ ಬೀಜವನ್ನು ಬೆಣ್ಣೆಯಂತೆ ಅರೆದು ಬಿಸಿನೀರಿನಲ್ಲಿ ಕದಡಿ ಗಂಜಿಗೆ ಕಾಲು ಚಮಚ ಬೆರೆಸಬಹುದು. ಮೈಮೇಲೆ ತೀವ್ರ ಇಸಬು ಇರುವ ಮಗುವಿಗೆ ಮಾತ್ರ ಇವೆರಡನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ಟೊಮೆಟೊ, ನಿಂಬೆ ತಾಗಿ ಬಾಯಿ ಸುತ್ತ ಸ್ವಲ್ಪ ಕೆಂಪಾದರೆ ಅದು ಸಾಮಾನ್ಯವಾಗಿ ಹುಳಿಯ ಉರಿಯಷ್ಟೇ. ತಿಂದ ಎರಡು ಗಂಟೆಯೊಳಗೆ ಮೈಯೆಲ್ಲ ದದ್ದು, ಮತ್ತೆ ಮತ್ತೆ ವಾಂತಿ, ಮುಖ ಊದುವುದು, ಉಸಿರಿನಲ್ಲಿ ಸಿಳ್ಳೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜಾಣು ಎಳೆಯ ಕರುಳಿನಲ್ಲಿ ಚಿಗುರಿ ನರಗಳನ್ನು ಸೋಲಿಸುವ ವಿಷ ಬಿಡುತ್ತದೆ, ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ.