ನಕ್ಷೆಯ ಮೆಟಾಡೇಟಾ: ವೃಷಭಾವತಿಯ ಗೆರೆ ಎಲ್ಲಿಂದ ಬಂತು?

ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯತ್ತ ಹರಿಯುವ ವೃಷಭಾವತಿಯನ್ನು ಹಳೆಯ ಟೋಪೋ ಹಾಳೆಯಿಂದ ಕಂಪ್ಯೂಟರಿಗೆ ಇಳಿಸಿ, ಉಪಗ್ರಹ ಚಿತ್ರದ ಮೇಲೆ ಹರಡಿದಾಗ ಗೆರೆಯು ನೀರನ್ನು ಬಿಟ್ಟು ಮನೆಗಳ ಮೇಲೆ ಹರಿಯುವುದುಂಟು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಆಧಾರವನ್ನು. ಮೊದಲನೆಯದರ ಅಕ್ಷಾಂಶ-ರೇಖಾಂಶಗಳನ್ನು ಎರಡನೆಯದೆಂದು ಓದಿದರೆ, ಬೆಂಗಳೂರಿನಲ್ಲಿ ಪ್ರತಿ ಬಿಂದುವೂ ಆಗ್ನೇಯಕ್ಕೆ ಸುಮಾರು 200 ಮೀಟರ್ ಸರಿಯುತ್ತದೆ.

ದೋಷದ ಗುರುತು ಸುಲಭ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ದೂರ ಜರುಗಿದ್ದರೆ ಆಧಾರದ ಬಗ್ಗೆ ಸಂಶಯ ಪಡಬೇಕು. ಒಂದೆಡೆ ಪೂರ್ವಕ್ಕೆ, ಮತ್ತೊಂದೆಡೆ ಪಶ್ಚಿಮಕ್ಕೆ ವಾಲಿದ್ದರೆ ತಪ್ಪು ಹಾಳೆಯನ್ನು ನೆಲಕ್ಕೆ ಹೊಂದಿಸಿದ್ದರಲ್ಲೋ, ಗೆರೆ ಎಳೆದದ್ದರಲ್ಲೋ ಇದೆ. ಗೆರೆಯನ್ನು ಕೈಯಿಂದ ಎಳೆದು ಸರಿಪಡಿಸುವುದು ಅತಿ ಕೆಟ್ಟ ಪರಿಹಾರ; ಮುಂದಿನ ಬಳಕೆದಾರನಿಗೆ ಆ ತಿದ್ದುಪಡಿಯ ಸುಳಿವೇ ಸಿಗದು.

ಆದ್ದರಿಂದ ಮೆಟಾಡೇಟಾದಲ್ಲಿ ನಿರ್ದೇಶಾಂಕ ಪದ್ಧತಿಯನ್ನು ಸಂಖ್ಯೆಯಿಂದಲೇ ಬರೆಯುವುದು ಕ್ಷೇಮ. ಪಶ್ಚಿಮ ಬೆಂಗಳೂರಿಗೆ ಮೀಟರ್ ಲೆಕ್ಕದ ಪದ್ಧತಿ `EPSG:32643`, ಅಂದರೆ ಯುಟಿಎಂ 43ನೇ ಉತ್ತರ ವಲಯ. ಶೇಪ್‌ಫೈಲ್ ಜೊತೆಗಿನ `.prj` ಕಡತ ಕಳೆದುಹೋದರೂ ಈ ಸಂಖ್ಯೆ ದಾರಿ ತೋರುತ್ತದೆ. ಕ್ಯೂಜಿಐಎಸ್‌ನ `Assign Projection` ಹೆಸರನ್ನಷ್ಟೇ ಅಂಟಿಸುತ್ತದೆ. ಬಿಂದುಗಳನ್ನು ನಿಜವಾಗಿ ಪರಿವರ್ತಿಸುವುದು `Reproject Layer`. ಇವೆರಡರ ಗೊಂದಲವೇ ಅರ್ಧ ಅನಾಹುತಕ್ಕೆ ಕಾರಣ.

ಇನ್ನು ಮೂಲ ವೃತ್ತಾಂತ. "ಮೂಲ: ಟೋಪೋ ಹಾಳೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಹಾಳೆಯ ಸಂಖ್ಯೆ, ಪ್ರಮಾಣ, ಸರ್ವೆ ನಡೆದ ವರ್ಷ, ಎಷ್ಟು ನಿಯಂತ್ರಣ ಬಿಂದುಗಳಿಂದ ಹೊಂದಿಸಲಾಯಿತು, ಉಳಿದ ದೋಷವೆಷ್ಟು, ಯಾವ ಸೂತ್ರದಿಂದ ಪರಿವರ್ತಿಸಲಾಯಿತು ಎಂಬುದೆಲ್ಲ ಬೇಕು. ಮುದ್ರಣದ ವರ್ಷವನ್ನೇ ಸರ್ವೆಯ ವರ್ಷವೆಂದು ಬರೆಯುವುದು ಸಾಮಾನ್ಯ ಪ್ರಮಾದ. ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ ಆ ನಡುವಿನ ಅವಧಿಯಲ್ಲೇ ಕಾಲುವೆಯ ಪಾತ್ರ ಬದಲಾಗಿರಬಹುದು.

ನಿಖರತೆಯ ಲೆಕ್ಕ ಹೀಗೆ. 1:50,000 ಪ್ರಮಾಣದಲ್ಲಿ ಕಾಗದದ ಅರ್ಧ ಮಿಲಿಮೀಟರ್ ನೆಲದ ಮೇಲೆ 25 ಮೀಟರ್. ಹಾಳೆ ಹೊಂದಿಸುವಾಗ 10 ಮೀಟರ್ ದೋಷ ಉಳಿದಿದೆಯೆನ್ನೋಣ. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 27 ಮೀಟರ್. 2015ರ ಪರಿಷ್ಕೃತ ಮಹಾಯೋಜನೆಯು ದ್ವಿತೀಯ ಹಂತದ ರಾಜಕಾಲುವೆಗೆ ನಿಗದಿಪಡಿಸಿದ್ದ ಮೀಸಲು ಅಂತರ 25 ಮೀಟರ್. ಅಂದರೆ ಇಂಥ ಗೆರೆಯಿಂದ ಅಳೆದು, ಯಾರದೋ ನಿವೇಶನ ಮೀಸಲು ಪಟ್ಟಿಯ ಒಳಗಿದೆ ಅಥವಾ ಹೊರಗಿದೆ ಎಂದು ತೀರ್ಮಾನಿಸಲಾಗದು. ಇಡೀ ಕಣಿವೆಯ ಹರಿವನ್ನು ತೋರಿಸಲು ಅದೇ ಗೆರೆ ಧಾರಾಳ ಸಾಕು. "ಅಂದಾಜು ದೋಷ 27 ಮೀಟರ್, ನಿವೇಶನದ ಗಡಿ ನಿರ್ಣಯಕ್ಕೆ ಸಲ್ಲದು" ಎಂಬ ಒಂದು ಸಾಲನ್ನು ದತ್ತಾಂಶದ ಜೊತೆಯಲ್ಲೇ ಇಡಬೇಕು, ಪ್ರತ್ಯೇಕ ವರದಿಯಲ್ಲಲ್ಲ.