ವೈಯಕ್ತಿಕ ಸಹಾಯಕ

ಅಂಗವಿಕಲ ವ್ಯಕ್ತಿಯ ಸ್ನಾನ, ಉಡುಪು, ಊಟ, ಓಡಾಟಗಳಿಗೆ ನೆರವಾಗಲು ಆ ವ್ಯಕ್ತಿಯೇ ಆರಿಸಿ, ಕಲಿಸಿ, ವೇಳೆ ಗೊತ್ತುಮಾಡಿ, ಬೇಡವಾದರೆ ಬಿಡಿಸಲೂ ಬಲ್ಲ ನೌಕರ. ಈ ಅಧಿಕಾರಗಳು ಏಕೆ ಬೇಕೆಂಬುದನ್ನು ಸ್ವೀಡನ್ನಿನ ಅನುಭವ ತೋರಿಸುತ್ತದೆ. ಪೋಲಿಯೊದಿಂದ ಅಂಗವಿಕಲರಾದ ಅಡಾಲ್ಫ್ ರಾಟ್ಸ್ಕಾ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಸಹಾಯಕರನ್ನು ತಾವೇ ನೇಮಿಸಿಕೊಂಡು ಬಾಳಿದ್ದರು. ಸ್ವೀಡನ್ನಿಗೆ ಬಂದ ಮೇಲಾದರೋ ಸ್ಥಳೀಯ ಆಡಳಿತ ಕಳಿಸಿದವರು ಬಂದಾಗ ಏಳಬೇಕಿತ್ತು, ಅವರ ವೇಳೆಗೆ ಮಲಗಬೇಕಿತ್ತು. ಇದನ್ನು ಒಪ್ಪದೆ ರಾಟ್ಸ್ಕಾ ಮತ್ತು ಸಂಗಡಿಗರು 1984ರಲ್ಲಿ ಸ್ಟಾಕ್‌ಹೋಮಿನಲ್ಲಿ ‘ಸ್ಟಿಲ್’ ಎಂಬ ಸಹಕಾರ ಸಂಘ ಕಟ್ಟಿದರು. 1994ರಲ್ಲಿ ಜಾರಿಗೆ ಬಂದ ಕಾನೂನಿನಡಿ, ಮೂಲಭೂತ ಅಗತ್ಯಗಳಿಗೇ ವಾರಕ್ಕೆ 20 ಗಂಟೆಗಿಂತ ಹೆಚ್ಚು ನೆರವು ಬೇಕಾದವರಿಗೆ ಸರ್ಕಾರದ ವಿಮಾ ಸಂಸ್ಥೆ ಹಣ ಕೊಡುತ್ತದೆ. ಸಹಾಯಕರನ್ನು ನೇರವಾಗಿ ನೇಮಿಸಿಕೊಳ್ಳಬೇಕೋ, ಸಂಘದ ಮೂಲಕವೋ ಎಂಬುದು ಬಳಸುವವರ ಆಯ್ಕೆ.

ತರಬೇತಿ ಪಡೆದ ದಾದಿಯರೇ ಸುರಕ್ಷಿತವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಮೂತ್ರದ ಕೊಳವೆ ಹಾಕಿಸಿಕೊಂಡವರನ್ನೇ ನೋಡಿ. ಕೊಳವೆ ಎಲ್ಲೋ ಮಡಚಿ ಮೂತ್ರ ಕಟ್ಟಿದರೆ ಅವರ ರಕ್ತದೊತ್ತಡ ಏಕಾಏಕಿ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕೊಳವೆಯ ಮಡಿಕೆ ಬಿಡಿಸಬೇಕು. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸುವುದು ಅಪಾಯ. ಇದನ್ನು ತಿಳಿಯದ ದಾದಿಗಿಂತ ಆ ವ್ಯಕ್ತಿಯಿಂದಲೇ ಕಲಿತ ಸಹಾಯಕ ಮೇಲು. ಆದ್ದರಿಂದ ಆರಿಸುವಾಗ ಪ್ರಮಾಣಪತ್ರಕ್ಕಿಂತ ಹೇಳಿದ್ದನ್ನು ಕೇಳಿಸಿಕೊಳ್ಳುವ ಗುಣವನ್ನು ನೋಡಬೇಕು. ಸಂಬಳ ಕೊಟ್ಟೇ ಒಂದೆರಡು ದಿನ ಕೆಲಸ ಮಾಡಿಸಿ ನೋಡುವುದು ಒಳ್ಳೆಯದು. ಹಾಸಿಗೆಯಿಂದ ವೀಲ್‌ಚೇರಿಗೆ ವರ್ಗಾಯಿಸುವುದನ್ನು ಕಲಿಸುವಾಗ ಮೊದಲು ಬ್ರೇಕು, ಆಮೇಲೆ ಕಾಲಿನ ಸ್ಥಾನ, ಎತ್ತುವುದು ಕೊನೆಗೆ. ಪ್ರತಿ ಹಂತಕ್ಕೂ ಮೇಲೇಳುವವರೇ ಸೂಚನೆ ಕೊಡಬೇಕು. ರಾತ್ರಿ ಮಲಗುವಾಗ ಸೊಂಟದ ಕೆಳಗೂ ಹಿಮ್ಮಡಿಯಲ್ಲೂ ಚರ್ಮ ನೋಡಿಸಬೇಕು. ಬೆರಳಿಂದ ಒತ್ತಿದರೂ ಬಿಳಿಚದ ಕೆಂಪು ಅಥವಾ ಕಪ್ಪು ಕಲೆ ಹಾಸಿಗೆ ಹುಣ್ಣಿನ ಮೊದಲ ಗುರುತು. ಅಲ್ಲಿ ಮತ್ತೆ ಭಾರ ಬೀಳಬಾರದು.

ಮಾತು ಅಥವಾ ಲೆಕ್ಕ ಕಷ್ಟವಾದವರು ಯಜಮಾನರಾಗಲು ಹೇಗೆ ಸಾಧ್ಯ ಎಂಬುದು ಇನ್ನೊಂದು ಆಕ್ಷೇಪ. ಸಂಬಳದ ಲೆಕ್ಕ, ಪಾಳಿ, ಬದಲಿ ಸಹಾಯಕರ ಏರ್ಪಾಡುಗಳನ್ನು ಸಂಘಕ್ಕೋ ನಂಬಿದವರಿಗೋ ವಹಿಸಬಹುದು. ಯಾರು ತಮ್ಮ ಮೈ ಮುಟ್ಟಬೇಕೆಂಬ ತೀರ್ಮಾನ ಮಾತ್ರ ನೆರವು ಪಡೆಯುವವರದಾಗಿಯೇ ಉಳಿಯಬೇಕು. ಕೆಲಸದ ಗಂಟೆ, ವಾರದ ರಜೆ, ಬಿಡುವ ಮುನ್ನ ಕೊಡಬೇಕಾದ ಸೂಚನೆ ಇವೆಲ್ಲ ಬರಹದಲ್ಲಿರಬೇಕು. ಸಲುಗೆಯಿಂದ ಹೆಚ್ಚು ದುಡಿಸಿಕೊಂಡರೆ ಸಹಾಯಕನಿಗೆ ಅನ್ಯಾಯವಾಗುತ್ತದೆ. ಒಬ್ಬರನ್ನೇ ನೆಚ್ಚಿಕೊಂಡರೆ ಅವರಿಗೆ ಜ್ವರ ಬಂದ ದಿನ ಹಾಸಿಗೆಯಿಂದ ಏಳಿಸುವವರಿರುವುದಿಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮು ವೈಯಕ್ತಿಕ ಸಹಾಯವನ್ನು ಹೆಸರಿಸುತ್ತದೆ. ಆದರೆ ಗಂಟೆಗಳನ್ನು ಅಳೆದು ಅದಕ್ಕೆ ತಕ್ಕ ಹಣವನ್ನು ಬಳಸುವವರ ಕೈಗೇ ಕೊಡುವ ಸ್ವೀಡನ್ನಿನಂಥ ವಿಧಾನ ಆ ಕಲಮಿನಲ್ಲಿಲ್ಲ.